ತಿಂಗಳ ಒನ್-ಟು-ಒನ್ ಪೂರ್ತಿ ಸ್ಟೇಟಸ್‌ನಲ್ಲೇ ಮುಗೀತಿದೆ, ಬೆಳವಣಿಗೆಯ ಮಾತು ಎಲ್ಲಿ ಸೇರಿಸೋದು?

ಚಾಕಣ್ ಕ್ವಾಲಿಟಿ

ಚಾಕಣದಲ್ಲಿ ಗಾಡಿಗಳ ಶೀಟ್‌ಮೆಟಲ್ ಪಾರ್ಟ್ ಮಾಡೋ ಕಾರ್ಖಾನೆ. ಕ್ವಾಲಿಟಿ ವಿಭಾಗ ಈಗ ನನ್ನ ಕೈಗೆ ಬಂದಿದೆ, ಆರು ಜನ ನೇರವಾಗಿ ನನಗೆ ರಿಪೋರ್ಟ್ ಮಾಡ್ತಾರೆ. ತಿಂಗಳಿಗೊಮ್ಮೆ ಒಬ್ಬೊಬ್ಬರ ಜೊತೆ ಒಂದು ಗಂಟೆ ಕೂರಬೇಕು ಅನ್ನೋದು ಕಂಪನಿ ನಿಯಮ. ಕೂರ್ತೀವಿ. ಯಾವ ಕಂಪ್ಲೇಂಟ್ ಓಪನ್ ಇದೆ, ಯಾವ ಗೇಜ್ ಕ್ಯಾಲಿಬ್ರೇಶನ್‌ಗೆ ಹೋಗಿದೆ, ಲೈನ್ ರಿಜೆಕ್ಷನ್ ಎಷ್ಟು, ಇಷ್ಟರಲ್ಲೇ ಐವತ್ತು ನಿಮಿಷ ಹೋಗುತ್ತೆ. ಕೊನೆಗೆ "ಮತ್ತೆ, ನಿನ್ನ ಮುಂದಿನ ದಾರಿ ಬಗ್ಗೆ ಏನಾದ್ರೂ?" ಅಂತ ಕೇಳಿದ್ರೆ "ಇಲ್ಲ ಸರ್, ಎಲ್ಲ ಠೀಕ್ ಇದೆ" ಅಂತ ಎದ್ದು ಹೋಗ್ತಾರೆ.

ಉದಾಹರಣೆಗೆ ಒಬ್ಬರನ್ನೇ ಹೇಳ್ತೀನಿ. ಡಿಪ್ಲೊಮಾ ಮಾಡಿ ಬಂದ ಇಂಜಿನಿಯರ್, ನಾಲ್ಕು ವರ್ಷದ ಅನುಭವ. ಕಸ್ಟಮರ್ ಕಂಪ್ಲೇಂಟ್‌ಗಳ 8ಡಿ ರಿಪೋರ್ಟ್, ಅಂದ್ರೆ ಕಾರಣ ಹುಡುಕಿ ಪರಿಹಾರ ಹೇಳೋ ಎಂಟು ಹಂತದ ರಿಪೋರ್ಟ್, ಬರೆಯೋದು ಆಕೆಯೇ. ಕಸ್ಟಮರ್ ಆಡಿಟ್ ಒಬ್ಬಳೇ ಎದುರಿಸೋ ಹಾಗೆ ಆಗಬೇಕು ಅಂತ ಏಪ್ರಿಲ್‌ನಲ್ಲೇ ಹೇಳಿದ್ದಳು. ಆಮೇಲೆ ಆ ಮಾತು ಮತ್ತೆ ಬರಲೇ ಇಲ್ಲ. ಇದನ್ನ ಸರಿಯಾಗಿ ನಡೆಸೋದು ಹೇಗೆ? ಪ್ರಶ್ನೆಗಳ ಪಟ್ಟಿ ಬೇಡ, ಅದು ನೆಟ್‌ನಲ್ಲಿ ಬೇಕಾದಷ್ಟಿದೆ.

ಎಚ್‌ಆರ್ ಅಂಧೇರಿ

ಸ್ಕಿಲ್ ಮ್ಯಾಟ್ರಿಕ್ಸ್ ಇದೆಯಲ್ಲ ನಿಮ್ಮಲ್ಲಿ, ಯಾರಿಗೆ ಯಾವ ಕೆಲಸ ಎಷ್ಟು ಬರುತ್ತೆ ಅಂತ ನಾಲ್ಕು ಭಾಗದ ವೃತ್ತ ತುಂಬೋದು? ಅದನ್ನೇ ಮುಂದಿಟ್ಟುಕೊಳ್ಳಿ. ಪ್ರತಿ ತಿಂಗಳು ಇಬ್ಬರೂ ಸೇರಿ ಪ್ರತಿ ಸ್ಕಿಲ್‌ಗೆ ಅಂಕ ಹಾಕಿ. ಮಾತು ತಾನಾಗಿಯೇ ಬೆಳವಣಿಗೆ ಕಡೆ ಹೋಗುತ್ತೆ, ದಾಖಲೆಯೂ ಆಗುತ್ತೆ. ಇನ್ನೊಂದು, ಇಂಕ್ರಿಮೆಂಟ್ ವಿಷಯ ಈ ಮೀಟಿಂಗ್‌ನಲ್ಲಿ ಎತ್ತಲೇಬೇಡಿ.

ಭೋಸರಿ ಹಿರಿಯ

ಸ್ಟೇಟಸ್ ಯಾಕೆ ನುಗ್ಗುತ್ತೆ ಅನ್ನೋದನ್ನ ಮೊದಲು ನೋಡಿ. ಆಕೆಯ ಕೆಲಸ ಎಲ್ಲಿಗೆ ಬಂತು ಅಂತ ತಿಳಿಯೋಕೆ ನಿಮಗೆ ಬೇರೆ ಜಾಗ ಇಲ್ಲ. ಬೆಳಗಿನ ಲೈನ್ ಮೀಟಿಂಗ್‌ನಲ್ಲಿ ನಿನ್ನೆಯ ರಿಜೆಕ್ಷನ್ ಮಾತ್ರ ಬರುತ್ತೆ, ಇಪ್ಪತ್ತು ದಿನದಿಂದ ಬಾಕಿ ಇರೋ ಕಂಪ್ಲೇಂಟ್ ಬರಲ್ಲ. ಅದು ನಿಮ್ಮ ತಲೆಯಲ್ಲಿ ಕೊರೀತಾ ಇರುತ್ತೆ, ಒಂದು ಗಂಟೆ ಸಿಕ್ಕ ಕೂಡಲೇ ಕೇಳ್ತೀರಿ. "ಸ್ಟೇಟಸ್ ಮಾತಾಡಬಾರದು" ಅಂತ ಶಪಥ ಮಾಡಿದ್ರೆ ಎರಡು ತಿಂಗಳೂ ನಿಲ್ಲಲ್ಲ.

ಹಾಗಾಗಿ ಮೊದಲು ಸ್ಟೇಟಸ್‌ಗೆ ಬೇರೆ ಮನೆ ಕಟ್ಟಿಕೊಡಿ. ವಾರಕ್ಕೊಮ್ಮೆ ಐದಾರು ಸಾಲಿನ ಮೆಸೇಜ್ ಸಾಕು: ಬಾಕಿ ಇರೋ ಕಂಪ್ಲೇಂಟ್, ಎಷ್ಟು ದಿನದಿಂದ, ಎಲ್ಲಿ ನಿಂತಿದೆ, ನನ್ನಿಂದ ಏನು ಬೇಕು. ನಿಮ್ಮ ಕಡೆ ಗುರುವಾರ ರಜೆ ಇದ್ರೆ ಬುಧವಾರ ಮಧ್ಯಾಹ್ನದ ಒಳಗೆ ಬರಲಿ. ಇದು ಕ್ರಮವಾಗಿ ಬರೋಕೆ ಶುರುವಾದ ಮೇಲೆ ತಿಂಗಳ ಮೀಟಿಂಗ್‌ನಲ್ಲಿ ಕೊನೆಯ ಸಾಲು ಮಾತ್ರ ಮಾತಾಡಿ. ಹತ್ತು ನಿಮಿಷ. ಅದೂ ಕೊನೆಯ ಹತ್ತು ನಿಮಿಷ, ಮೊದಲಿನದ್ದಲ್ಲ. ಸ್ಟೇಟಸ್ ಮೊದಲು ಬಂದ್ರೆ ಇರೋ ಸಮಯವನ್ನೆಲ್ಲ ತಿಂದುಬಿಡುತ್ತೆ, ಬೆಳವಣಿಗೆ ಮೊದಲು ಬಂದ್ರೆ ಸ್ಟೇಟಸ್ ಹತ್ತರಲ್ಲೂ ಮುಗಿಯುತ್ತೆ.

ದಿನವೂ ಮುಖ್ಯ. ತಿಂಗಳ ಕೊನೆಯ ವಾರ ಡಿಸ್ಪ್ಯಾಚ್ ಒತ್ತಡ, ಆಗ ಇಟ್ಟರೆ ಮುಂದೂಡೋದು ಖಂಡಿತ. 8ನೇ ತಾರೀಕಿನಿಂದ 15ರ ಒಳಗೆ ಇಡಿ. ಆರು ಜನ ಅಂದ್ರೆ ದಿನಕ್ಕೆ ಇಬ್ಬರಿಗಿಂತ ಹೆಚ್ಚು ಬೇಡ. ಮೂರನೆಯವರ ಮಾತು ಕೇಳೋ ತಾಳ್ಮೆ ನಮಗೇ ಇರಲ್ಲ.

ಎಚ್‌ಆರ್ ಮೇಡಂ ಹೇಳಿದ ಮ್ಯಾಟ್ರಿಕ್ಸ್ ಬೇಕೇ ಬೇಕು, ಆಡಿಟರ್ ಕೇಳ್ತಾರೆ. ಆದರೆ ತಿಂಗಳು ತಿಂಗಳು ಅಂಕ ಹಾಕಿದ್ರೆ ಅದು ಪರೀಕ್ಷೆ ಆಗುತ್ತೆ. ಪರೀಕ್ಷೆಯಲ್ಲಿ ಯಾರೂ ತಮಗೆ ಬಾರದ್ದನ್ನ ಹೇಳಿಕೊಳ್ಳಲ್ಲ, ನಮಗೆ ಬೇಕಾದ್ದು ಅದೇ. ವರ್ಷಕ್ಕೆ ಎರಡು ಸಲ ತುಂಬಿ ಸಾಕು.

ವೆರ್ಣಾ ಫಾರ್ಮಾ

ನಾನು ಗೋವಾದಲ್ಲಿ ಔಷಧ ಕಾರ್ಖಾನೆಯಲ್ಲಿದ್ದೇನೆ. ನನ್ನ ಸಲಹೆ: ಪ್ರತಿ ಮೀಟಿಂಗ್‌ನ ಮಾತೂ ಬರೆದು ಇಬ್ಬರ ಸಹಿ ಹಾಕಿಸಿ ಫೈಲ್ ಮಾಡಿ. ಕೆಲಸ ಸರಿಯಾಗಿ ಮಾಡದವರ ಮೇಲೆ ನಾಳೆ ಕ್ರಮ ಕೈಗೊಳ್ಳಬೇಕಾದ್ರೆ ಸಾಕ್ಷಿ ಬೇಕಾಗುತ್ತೆ. ಆಕೆ ಮೂರು ತಿಂಗಳಾದ್ರೂ ಸುಧಾರಿಸದಿದ್ರೆ ಏನು ಮಾಡ್ತೀರಿ?

ಚಾಕಣ್ ಕ್ವಾಲಿಟಿ

ಸರ್, ಆಕೆಯ ಕೆಲಸದಲ್ಲಿ ತೊಂದರೆ ಏನೂ ಇಲ್ಲ. ಚೆನ್ನಾಗಿ ಮಾಡ್ತಾಳೆ, ಅದಕ್ಕೇ ಮುಂದಕ್ಕೆ ಒಯ್ಯಬೇಕು ಅಂತ ನನ್ನ ಪ್ರಶ್ನೆ.

ಭೋಸರಿ ಹಿರಿಯ

ವೆರ್ಣಾ ಸರ್, ನೀವು ಹೇಳ್ತಿರೋದು ಬೇರೆಯೇ ಮೀಟಿಂಗ್. ಅದನ್ನ ಬೇರೆ ದಿನ, ಬೇರೆ ಹೆಸರಲ್ಲಿ, ವಿಷಯ ಮೊದಲೇ ತಿಳಿಸಿ ಮಾಡಬೇಕು. ತಿಂಗಳ ಮಾತುಕತೆಯ ಟಿಪ್ಪಣಿ ಒಂದೇ ಒಂದು ಸಲ ಯಾರದಾದ್ರೂ ವಿರುದ್ಧ ಬಳಕೆಯಾದ್ರೆ, ಆ ಸುದ್ದಿ ಸಂಜೆ ಕಂಪನಿ ಬಸ್ಸಿನಲ್ಲೇ ಎಲ್ಲರಿಗೂ ತಲುಪಿರುತ್ತೆ. ಆಮೇಲೆ ಆರೂ ಜನ "ಎಲ್ಲ ಠೀಕ್" ಅಂತಾರೆ.

ವೆರ್ಣಾ ಫಾರ್ಮಾ

ಆದರೆ ಮಾತಿನ ನಡುವೆ, ಕೆಲಸ ಮಾಡುವಾಗಲೇ ಬರೆಯಬೇಕಾದ ಬ್ಯಾಚ್ ರೆಕಾರ್ಡ್ ಆಮೇಲೆ ಬರೆದೆ ಅಂತ ಯಾರಾದ್ರೂ ಬಾಯಿ ಬಿಟ್ರೆ? ನಮ್ಮಲ್ಲಿ ಅದನ್ನ ಕೇಳಿಸಿಕೊಂಡು ಸುಮ್ಮನಿರೋ ಹಾಗಿಲ್ಲ.

ಭೋಸರಿ ಹಿರಿಯ

ಸುಮ್ಮನಿರಬಾರದು, ಒಪ್ಪಿದೆ. ಅಲ್ಲೇ ಮಾತು ನಿಲ್ಲಿಸಿ "ಇದು ಡೀವಿಯೇಶನ್ ಆಗಿ ದಾಖಲಾಗಬೇಕು, ನೀನೇ ಎತ್ತು, ನಾನು ಜೊತೆಗಿರ್ತೀನಿ" ಅಂತ ಹೇಳಿ. ಅದು ತನ್ನ ವ್ಯವಸ್ಥೆಯಲ್ಲಿ ಹೋಗಲಿ. ಇಂಥ ವಿಷಯ ಗುಟ್ಟಾಗಿ ಉಳಿಯಲ್ಲ ಅನ್ನೋದನ್ನ ಮೊದಲ ದಿನವೇ ಹೇಳಿಬಿಡಬೇಕು.

ಈಗ ಚಾಕಣ್ ಅವರ ಕೇಸಿಗೆ ಬರ್ತೀನಿ. "ಮುಂದೆ ಏನಾಗಬೇಕು ಅಂತಿದೀಯಾ" ಅನ್ನೋ ಪ್ರಶ್ನೆಗೆ ಉತ್ತರ ಬರಲ್ಲ, ಯಾಕಂದ್ರೆ ಅದಕ್ಕೆ ಮೇಜಿನ ಮೇಲೆ ಏನೂ ಇರಲ್ಲ. ಬದಲಿಗೆ ಕಳೆದ ತಿಂಗಳು ಆಕೆಯೇ ಮಾಡಿದ ಒಂದು ಕೆಲಸ ತರಲು ಹೇಳಿ. ಒಂದು 8ಡಿ ರಿಪೋರ್ಟ್, ಅದೂ ಕಸ್ಟಮರ್ ವಾಪಸ್ ಕಳಿಸಿದ್ದು ಇದ್ರೆ ಇನ್ನೂ ಒಳ್ಳೇದು. ಒಂದು ದಿನ ಮೊದಲು ನೀವು ಓದಿರಬೇಕು. ಕೇಳಬೇಕಾದ್ದು ಎರಡೇ: ಇದರಲ್ಲಿ ಯಾವ ತೀರ್ಮಾನವನ್ನ ನನ್ನನ್ನ ಕೇಳದೆ ತಗೊಂಡೆ? ಯಾವುದಕ್ಕೆ ನನ್ನ ಹತ್ರ ಬಂದೆ, ಯಾಕೆ ಬಂದೆ? ಎರಡನೇ ಉತ್ತರದಲ್ಲಿ ಕಲಿಯಬೇಕಾದ್ದು ಸಿಗುತ್ತೆ.

ನಿಮ್ಮ ಹುಡುಗಿಯ 8ಡಿ ವಾಪಸ್ ಬರುತ್ತಾ? ಬಂದ್ರೆ ಎಲ್ಲಿಂದ?

ಚಾಕಣ್ ಕ್ವಾಲಿಟಿ

ಬರುತ್ತೆ. ಹೆಚ್ಚಾಗಿ ಡಿ4ರಲ್ಲಿ, ಅಂದ್ರೆ ಮೂಲ ಕಾರಣ ಬರೆಯೋ ಹಂತದಲ್ಲಿ. ಹೋದ ಸಲದ್ದು: ಬ್ರಾಕೆಟ್‌ನಲ್ಲಿ ವೆಲ್ಡ್ ನಟ್ ಇರಲಿಲ್ಲ ಅಂತ ಕಂಪ್ಲೇಂಟ್. ಮೂಲ ಕಾರಣ "ಆಪರೇಟರ್ ನಟ್ ಇಡಲು ಮರೆತಿದ್ದಾನೆ", ಪರಿಹಾರ ಬರೆಯೋ ಡಿ5ರಲ್ಲಿ "ಆಪರೇಟರ್‌ಗೆ ತರಬೇತಿ ಕೊಡಲಾಗಿದೆ". ಕಸ್ಟಮರ್ ಒಪ್ಪಲಿಲ್ಲ. ಕೊನೆಗೆ ನಾನೇ ಕೂತು ಬರೆದು ಕಳಿಸಿದೆ.

ಭೋಸರಿ ಹಿರಿಯ

ಆ ಕೊನೆಯ ಸಾಲು ಗಮನಿಸಿ. ರಿಪೋರ್ಟ್ ಮುಚ್ಚಿತು, ಆಕೆಗೆ ಬಾರದ್ದು ಬಾರದ ಹಾಗೇ ಉಳೀತು. ಮುಂದಿನ ಆಡಿಟ್‌ನಲ್ಲಿ ಆಡಿಟರ್ ಇದೇ 8ಡಿ ಎತ್ತಿ ಕೇಳಿದ್ರೆ ಉತ್ತರ ನಿಮ್ಮ ಬಾಯಲ್ಲಿದೆ, ಆಕೆಯ ಬಾಯಲ್ಲಿಲ್ಲ. ಆಡಿಟ್ ಎದುರಿಸೋದು ಅಂದ್ರೆ ಇಂಗ್ಲಿಷ್ ಮಾತಲ್ಲ, ಪ್ರೆಸೆಂಟೇಶನ್ ಅಲ್ಲ. ಕಾರಣದ ಎಳೆ ಹಿಡಿದು ತುದಿವರೆಗೆ ಹೋಗೋದು. ಹಾಗಾಗಿ ಏಪ್ರಿಲ್‌ನ ಆಸೆ ಮತ್ತು ಈ ವಾಪಸ್ ಬಂದ ಡಿ4 ಒಂದೇ ವಿಷಯ.

ಮೊದಲ ತಿಂಗಳು ಇಷ್ಟೇ ಮಾಡಿ. ಅದೇ ರಿಪೋರ್ಟ್ ಇಟ್ಟು, ನಟ್ ಯಾಕೆ ಬಿಟ್ಟುಹೋಯ್ತು ಅನ್ನೋದು ಒಂದು ಎಳೆ, ಬಿಟ್ಟುಹೋದದ್ದು ನಮ್ಮ ಗೇಟ್ ದಾಟಿ ಯಾಕೆ ಹೋಯ್ತು ಅನ್ನೋದು ಇನ್ನೊಂದು ಎಳೆ ಅಂತ ಎರಡು ಕಾಲಂ ಮಾಡಿಸಿ. ಆಕೆ ಮಾತಾಡಲಿ, ನೀವು "ಯಾಕೆ" ಮಾತ್ರ ಕೇಳಿ. ಮರೆತ ಆಪರೇಟರ್ ಹತ್ರ ನಿಲ್ಲಬಾರದು. ನಟ್ ಇಲ್ಲದೆ ಮೆಷಿನ್ ಸೈಕಲ್ ಹೊಡೆಯಿತು ಅಂದ್ರೆ ನಟ್ ಇದೆಯಾ ಅಂತ ನೋಡೋ ಸೆನ್ಸರ್ ಏನು ಮಾಡ್ತಿತ್ತು? ಬೈಪಾಸ್ ಆಗಿತ್ತಾ? ಬೈಪಾಸ್ ಮಾಡಿದ್ದು ಯಾರಿಗೂ ಯಾಕೆ ಕಾಣಲಿಲ್ಲ? ಶಿಫ್ಟ್ ಶುರುವಿನಲ್ಲಿ ನಟ್ ಇಲ್ಲದ ಮಾಸ್ಟರ್ ಪೀಸ್ ಇಟ್ಟು ಮೆಷಿನ್ ನಿಲ್ಲುತ್ತಾ ಅಂತ ನೋಡೋ ಪರೀಕ್ಷೆ ಚೆಕ್‌ಶೀಟ್‌ನಲ್ಲಿ ಇದೆಯಾ? ಇದು ಒಂದು ಸಾಧ್ಯತೆ ಅಷ್ಟೇ, ನಿಮ್ಮ ಲೈನ್‌ನಲ್ಲಿ ಬೇರೆ ಇರಬಹುದು. ಅರ್ಧ ಗಂಟೆಯಲ್ಲಿ ಆಕೆಗೆ ಉತ್ತರ ಸಿಗದ ಪ್ರಶ್ನೆ ಎರಡೋ ಮೂರೋ ಉಳಿಯುತ್ತೆ. ಅದನ್ನ ಲೈನ್‌ಗೆ ಹೋಗಿ ನೋಡಿ ಬರೋದೇ ತಿಂಗಳ ಮನೆಗೆಲಸ.

ಆಮೇಲೆ ಮೆಟ್ಟಿಲು ಏರಿಸಿ. ಎರಡನೇ ತಿಂಗಳು ಹೊಸ ಕಂಪ್ಲೇಂಟ್ ಬಂದಾಗ ಲೈನ್ ಪಕ್ಕ ಪ್ರೊಡಕ್ಷನ್, ಮೇಂಟೆನೆನ್ಸ್‌ನವರನ್ನ ಸೇರಿಸಿ ಯಾಕೆ-ಯಾಕೆ ಚರ್ಚೆ ಆಕೆ ನಡೆಸಲಿ, ನೀವು ಹಿಂದೆ ನಿಂತು ಬಾಯಿ ಮುಚ್ಚಿಕೊಂಡಿರಿ. ಮೂರನೇ ತಿಂಗಳು ಕಸ್ಟಮರ್ ಕಾಲ್‌ನಲ್ಲಿ ಆಕೆ ವಿವರಿಸಲಿ. ನಾಲ್ಕನೇದು ಒಂದೇ ಲೈನ್‌ನ ಪ್ರೋಸೆಸ್ ಆಡಿಟ್. ನೀವು ಶುರುವಿಗೂ ಕೊನೆಗೂ ಮಾತ್ರ. ಪ್ರತಿ ಹೆಜ್ಜೆಗೂ ಗುರುತು ಮೊದಲೇ ಮಾತಾಡಿಕೊಳ್ಳಿ, ಉದಾಹರಣೆಗೆ ಡಿ4 ಮೊದಲ ಸಲಕ್ಕೇ ಒಪ್ಪಿಗೆ ಆಯ್ತಾ, ಕಾಲ್‌ನಲ್ಲಿ ಎಷ್ಟು ಪ್ರಶ್ನೆ ತಿರುಗಿ ನಿಮ್ಮ ಕಡೆ ಬಂತು.

ಹೆಚ್ಚಾಗಿ ಕೆಡೋದು ಮೂರನೇ ಮೆಟ್ಟಿಲಲ್ಲಿ. ಆಕೆ ನಾಲ್ಕು ಸೆಕೆಂಡ್ ತಡವರಿಸಿದ ಕೂಡಲೇ ಬಾಸ್ ಮಾತು ತಗೋತಾರೆ. ಅಲ್ಲಿಂದ ಮುಂದೆ ಕಸ್ಟಮರ್ ಬಾಸ್ ಜೊತೆ ಮಾತ್ರ ಮಾತಾಡ್ತಾನೆ. ಕಾಲ್‌ಗೆ ಮೊದಲೇ ಕಸ್ಟಮರ್‌ಗೆ "ಈ ಕಂಪ್ಲೇಂಟ್ ಇವರದ್ದು, ಪ್ರಶ್ನೆ ಇವರನ್ನೇ ಕೇಳಿ" ಅಂತ ಬರೆಯಿರಿ. ನೀವು ಮೈಕ್ ಮ್ಯೂಟ್ ಮಾಡಿ. ಗೊತ್ತಿಲ್ಲದ್ದು ಬಂದ್ರೆ "ನೋಡಿ ಸಂಜೆಯೊಳಗೆ ತಿಳಿಸ್ತೀನಿ" ಅಂತ ಹೇಳೋ ಹಕ್ಕು ಆಕೆಗಿದೆ ಅನ್ನೋದನ್ನ ಮೊದಲೇ ಒಪ್ಪಿಕೊಂಡಿರಿ.

ವಿಜಯಪುರ ಟು ಪಿಂಪ್ರಿ

ಹಿರಿಯರ, ಭಾಳ ಛಲೋ ಹೇಳಿದ್ರಿ. ಆದ್ರ ಎಲ್ಲಾರೂ ಮ್ಯಾಲ ಏರಬೇಕು ಅಂತಾರೇನ್ರೀ? ನಮ್ಮಲ್ಲೊಬ್ರು ಇನ್ಸ್‌ಪೆಕ್ಟರ್ ಅದಾರ, ರಿಟೈರ್ ಆಗಾಕ ಆರೇಳು ವರ್ಷ ಉಳಿದಾವ. "ಸಾಹೇಬ್ರ, ನನಗೇನೂ ಬ್ಯಾಡ, ಹಿಂಗ ಇರ್ಲಿ ಬಿಡ್ರಿ" ಅಂತಾರ. ಅವರ ಜೋಡಿ ತಿಂಗಳಾ ತಿಂಗಳಾ ಏನ್ ಮಾತಾಡೂದು?

ಭೋಸರಿ ಹಿರಿಯ

ಅವರನ್ನ ಬಡ್ತಿಯ ದಾರಿಗೆ ಎಳೀಬೇಡಿ, ಅದು ಅವರಿಗೆ ಬೆದರಿಕೆ ಹಾಗೆ ಕೇಳಿಸುತ್ತೆ. ಅವರ ಕೈಯಲ್ಲಿ ಇರೋದು ಯಾವ ಶೀಟ್‌ನಲ್ಲೂ ಬರೆದಿಲ್ಲ. ಯಾವ ಡೈ ಹಳೆಯದಾದಾಗ ಯಾವ ಅಂಚಿನಲ್ಲಿ ಬರ್, ಅಂದ್ರೆ ಲೋಹದ ಚೂಪು ಎಳೆ, ಮೊದಲು ಕಾಣುತ್ತೆ, ಅಂಥದ್ದು. ಒಂದು ಟ್ರೈನಿಯನ್ನ ಜೊತೆಗೆ ಹಾಕಿ, ಇಬ್ಬರೂ ಒಂದೇ ಹತ್ತು ಪೀಸ್‌ಗಳನ್ನ ಬೇರೆ ಬೇರೆ ಅಳೆದು ತೀರ್ಪು ಹೋಲಿಸಲಿ. ತಿಂಗಳ ಮಾತು ಆ ವ್ಯತ್ಯಾಸದ ಮೇಲೆ. ಮೂರು ತಿಂಗಳಿಗೊಮ್ಮೆ ಆಳವಾಗಿ ಕೂತರೂ ನಡೆಯುತ್ತೆ.

ವಿಜಯಪುರ ಟು ಪಿಂಪ್ರಿ

ಟ್ರೈನಿಗೆ ಕಲಿಸಿದ್ರ ನನ್ನ ತೆಗೀತಾರ ಅಂತ ಅವರಿಗೆ ಅನುಮಾನ ಅದ. ಅದನ್ನ ಹೆಂಗ ತೆಗೀಲಿ, ಗೊತ್ತಾಗವಲ್ದು.

ಮಾಟುಂಗಾ ಮಾಣಿ

ನಮ್ಮದು ಹೋಟೆಲು ಮಾರಾಯ್ರೆ, ಈ 8ಡಿ ಗಿಡಿ ಎಲ್ಲ ನಮಗೆ ಗೊತ್ತಿಲ್ಲ. ಆದರೆ ಪ್ರಶ್ನೆ ಅದೇ. ಒಬ್ಬ ಸೂಪರ್‌ವೈಸರ್ ಇದ್ದಾನೆ, ಚುರುಕು. ಖರೀದಿ ಕಲಿಸಬೇಕು ಅಂತ ಉಂಟು. ಆದರೆ ಕೂತು ಮಾತಾಡ್ಲಿಕ್ಕೆ ಜಾಗವೂ ಇಲ್ಲ, ಹೊತ್ತೂ ಇಲ್ಲ. ಮತ್ತೆ ಎಲ್ಲ ಕಲಿಸಿಕೊಟ್ರೆ ಎದುರಿನ ಹೋಟೆಲಿನವ ಎರಡು ಸಾವಿರ ಜಾಸ್ತಿ ಕೊಟ್ಟು ಕರ್ಕೊಂಡು ಹೋಗ್ತಾನೆ. ಆಗ?

ಭೋಸರಿ ಹಿರಿಯ

ಹೊತ್ತು ಮಧ್ಯಾಹ್ನ ಮೂರೂವರೆಗೆ, ಊಟದ ಗಿರಾಕಿ ಮುಗಿದು ಸಂಜೆಯ ತಿಂಡಿ ಶುರುವಾಗೋ ಮೊದಲು. ಜಾಗ ನಿಮ್ಮ ಹೋಟೆಲ್ ಬೇಡ, ಗಲ್ಲಾ ಪಕ್ಕ ಕೂತರೆ ಹುಡುಗರೆಲ್ಲ ಕಿವಿ ಇಟ್ಟಿರ್ತಾರೆ. ಹೊರಗೆ ಸ್ವಲ್ಪ ನಡೆದುಕೊಂಡು ಮಾತಾಡಿ.

ಪೂರ್ತಿ ಖರೀದಿ ಒಟ್ಟಿಗೆ ಕೊಡಬೇಡಿ, ಒಂದೇ ಸಾಮಾನು ಕೊಡಿ. ತೆಂಗಿನಕಾಯಿ ಅನ್ನಿ. ಒಂದು ತಿಂಗಳು ದಿನಾ ಬೆಳಿಗ್ಗೆ ಇವತ್ತು ಎಷ್ಟು ಬೇಕಾಗುತ್ತೆ ಅಂತ ಅವನೇ ಅಂದಾಜು ಬರೆಯಲಿ, ರಾತ್ರಿ ನಿಜವಾಗಿ ಎಷ್ಟು ಒಡೆದದ್ದು, ಎಷ್ಟು ಕೆಟ್ಟದ್ದು ಬಂತು ಅಂತ ಪಕ್ಕದಲ್ಲಿ ಬರೆಯಲಿ. ತಿಂಗಳ ಕೊನೆಗೆ ಆ ಕಾಗದ ನೋಡಿ. ಭಾನುವಾರದ ಅಂದಾಜು ಯಾಕೆ ತಪ್ಪುತ್ತೆ, ಚಟ್ನಿ ಯಾವಾಗ ಉಳಿಯುತ್ತೆ ಅನ್ನೋದು ಮಾತಿಗೆ ಬರುತ್ತೆ. ಅಂದಾಜು ಸರಿಹೋದ ಮೇಲೆ ದರ ಮಾತಾಡೋಕೆ ಮಾರ್ಕೆಟ್‌ಗೆ ಕಳಿಸಿ.

ಬಿಟ್ಟು ಹೋಗ್ತಾನಾ ಅಂದ್ರೆ, ಹೋಗಬಹುದು. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಮಾಟುಂಗಾ ಮಾಣಿ

ತೆಂಗಿನಕಾಯಿ ಉಪಾಯ ಅಡ್ಡಿಯಿಲ್ಲ. ಬಿಟ್ಟು ಹೋಗುವ ವಿಷಯದಲ್ಲಿ ನಾನು ಇನ್ನೂ ಒಪ್ಪಲಿಕ್ಕಿಲ್ಲ. ದೊಡ್ಡ ಕಂಪನಿಯವರಿಗೆ ಒಬ್ಬ ಹೋದರೆ ಇನ್ನೊಬ್ಬ ಬರ್ತಾನೆ, ನಮಗೆ ಹಾಗಲ್ಲ.

ಹಿಂಜವಡಿ ಬೆಂಚು

ಎಚ್‌ಆರ್ ಮೇಡಂ ಹೇಳಿದ ದುಡ್ಡಿನ ವಿಷಯ ಯಾರೂ ಮುಟ್ಟಲಿಲ್ಲ. ಪಗಾರದ ಮಾತೇ ಎತ್ತದಿದ್ರೆ, ಹೊಸ ಜವಾಬ್ದಾರಿ ಕೊಡ್ತಿರೋದೆಲ್ಲ ಪುಕ್ಕಟೆ ಕೆಲಸ ಮಾಡಿಸೋ ಉಪಾಯ ಅಂತ ಎದುರಿನವರಿಗೆ ಅನ್ನಿಸುತ್ತೆ. ಕೇಳಿದ್ರೆ ನೇರವಾಗಿ ಹೇಳೋದು ವಾಸಿ: ಪಗಾರದ ಮಾತು ಅಪ್ರೈಸಲ್ ಹೊತ್ತಿಗೆ, ಇಂಥ ತಿಂಗಳು, ತೀರ್ಮಾನ ಇಂಥವರದ್ದು, ಅದರಲ್ಲಿ ನನ್ನ ಮಾತು ಇಷ್ಟು ನಡೆಯುತ್ತೆ. ಅಷ್ಟು ಹೇಳಿ ಮುಂದೆ ಹೋಗಿ.

ಇನ್ನೊಂದು, ಭಾಷೆ. ಸ್ಟೇಟಸ್ ಎಲ್ಲರೂ ಇಂಗ್ಲಿಷ್‌ನಲ್ಲಿ ಒಪ್ಪಿಸ್ತಾರೆ, ತನಗೆ ಏನು ಬರಲ್ಲ ಅನ್ನೋದನ್ನ ಇಂಗ್ಲಿಷ್‌ನಲ್ಲಿ ಹೇಳೋಕೆ ಕಷ್ಟ. ಆಕೆ ಮರಾಠಿಯವಳಾದ್ರೆ ಮರಾಠಿಯಲ್ಲೇ ಮಾತಾಡಲಿ. ನಿಮ್ಮ ಮರಾಠಿ ಒಡಕಲು ಆಗಿದ್ರೂ ಪರವಾಗಿಲ್ಲ, ನೀವು ಕೇಳೋಕೆ ತಾನೇ ಕೂತಿರೋದು.

ಎಚ್‌ಆರ್ ಅಂಧೇರಿ

ಭಾಷೆ ವಿಷಯ ಒಪ್ಪಿದೆ. ದುಡ್ಡಿನ ವಿಷಯ ಒಪ್ಪಲ್ಲ. ಮ್ಯಾನೇಜರ್ ಒಂದು ಮಾತು ಬಾಯಿ ತಪ್ಪಿ "ನೋಡೋಣ, ಆಗುತ್ತೆ" ಅಂದ್ರೆ ಅದನ್ನ ಭರವಸೆ ಅಂತ ಹಿಡಿದುಕೊಂಡು ಮಾರ್ಚ್‌ನಲ್ಲಿ ನಮ್ಮ ಮುಂದೆ ಬಂದು ಕೂರ್ತಾರೆ. ಮ್ಯಾಟ್ರಿಕ್ಸ್ ವರ್ಷಕ್ಕೆ ಎರಡು ಸಲ ಅಂದದ್ದು ಸರಿ ಇರಬಹುದು, ಆದರೆ ಆರು ಜನರ ಮಾತೂ ಬರೀ ಮಾತಾಗಿ ಉಳಿದ್ರೆ ಏನು ನಡೀತಿದೆ ಅಂತ ನಮಗೆ ತಿಳಿಯೋದು ಹೇಗೆ?

ಭೋಸರಿ ಹಿರಿಯ

ಬರೆದಿಡಬೇಕು ಮೇಡಂ, ಬೇಡ ಅನ್ನಲಿಲ್ಲ. ಆದರೆ ಬರೆಯೋದು ಆಕೆ, ಮ್ಯಾನೇಜರ್ ಅಲ್ಲ. ಮೀಟಿಂಗ್ ಆದ ದಿನವೇ ನಾಲ್ಕು ಸಾಲು: ಏನು ನೋಡಿದ್ವಿ, ಮುಂದಿನ ತಿಂಗಳು ನಾನು ಮಾಡೋದು ಏನು, ಸರ್ ಮಾಡೋದು ಏನು, ಯಾವಾಗ ನೋಡ್ತೀವಿ. ಆಕೆ ಬರೆದ್ರೆ ಆಕೆಗೆ ಏನು ಅರ್ಥವಾಗಿದೆ ಅನ್ನೋದು ತಿಳಿಯುತ್ತೆ. ನಾವು ಹೇಳಿದ್ದೊಂದು, ಬರೆದದ್ದು ಇನ್ನೊಂದು ಅನ್ನೋದು ಎಷ್ಟೋ ಸಲ ಅಲ್ಲೇ ಸಿಕ್ಕಿಬೀಳುತ್ತೆ. ನಿಮಗೆ ಮೀಟಿಂಗ್ ನಡೆದ ತಾರೀಕು ಮತ್ತು ಕಲಿಯುತ್ತಿರೋ ಒಂದು ವಿಷಯದ ಹೆಸರು ಕೊಟ್ಟರೆ ಸಾಕು.

"ಸರ್ ಮಾಡೋದು" ಅನ್ನೋ ಸಾಲೇ ಹೆಚ್ಚಾಗಿ ಬಾಕಿ ಉಳಿಯೋದು. ಆಕೆಗೆ ವಾರಕ್ಕೆ ಎರಡು ಗಂಟೆ ಲೈನ್‌ನಲ್ಲಿ ಸಮಯ ಕೊಡಿಸ್ತೀನಿ ಅಂತ ಒಪ್ಪಿರ್ತೀರಿ, ಪ್ರೊಡಕ್ಷನ್ ಹೆಡ್ ಜೊತೆ ಮಾತಾಡಿರಲ್ಲ. ಎರಡು ತಿಂಗಳು ಹಾಗಾದ್ರೆ ಆಕೆ ಕೇಳೋದು ಬಿಡ್ತಾಳೆ. ಗುರುತು ಹಿಡಿಯೋದು ಸುಲಭ: ಮೀಟಿಂಗ್ ಹದಿನೈದು ನಿಮಿಷಕ್ಕೆ ಮುಗಿಯೋಕೆ ಶುರುವಾಗುತ್ತೆ, ಮೇಜಿನ ಮೇಲೆ ತೊಂದರೆ ಇಲ್ಲದ ರಿಪೋರ್ಟ್ ಮಾತ್ರ ಬರುತ್ತೆ. ಹಾಗಾಗಿ ಪ್ರತಿ ಮೀಟಿಂಗ್ ಶುರು ಮಾಡುವಾಗ ಮೊದಲು ನಿಮ್ಮ ಸಾಲು ಓದಿ, ಆಗಿದೆಯೋ ಇಲ್ಲವೋ ಹೇಳಿ.

ಚಾಕಣ್ ಕ್ವಾಲಿಟಿ

ಸರಿ ಸರ್. 11ನೇ ತಾರೀಕು ಇಟ್ಟಿದ್ದೀನಿ. ವೆಲ್ಡ್ ನಟ್ ರಿಪೋರ್ಟ್ ತರಲು ಹೇಳಿದೆ. ನಾನು ಬರೆದದ್ದಲ್ಲ, ಆಕೆ ಮೊದಲು ಕಳಿಸಿದ್ದ ಪ್ರತಿ. ಒಂದು ತೊಡಕು ಮಾತ್ರ ಉಳಿದಿದೆ. ಪ್ರೊಡಕ್ಷನ್ ಹೆಡ್ "ಕ್ವಾಲಿಟಿಯವರು ಲೈನ್‌ನಲ್ಲಿ ನಿಂತ್ರೆ ಹುಡುಗರ ಕೈ ನಿಧಾನ ಆಗುತ್ತೆ" ಅಂತ ಮೊದಲಿಂದಲೂ ತಕರಾರು. ಎರಡು ಗಂಟೆ ಸಿಗೋದು ಕಷ್ಟ.

ಭೋಸರಿ ಹಿರಿಯ

ಎರಡು ಗಂಟೆ ಅಂತ ಕೇಳಬೇಡಿ. ಶಿಫ್ಟ್ ಶುರುವಿನ ಮೊದಲ ಇಪ್ಪತ್ತು ನಿಮಿಷ ಕೇಳಿ, ವಾರಕ್ಕೆ ಮೂರು ದಿನ. ಮಾಸ್ಟರ್ ಪೀಸ್ ಪರೀಕ್ಷೆ, ಮೊದಲ ಪೀಸ್ ಒಪ್ಪಿಗೆ ನಡೆಯೋದು ಆಗಲೇ. ಲೈನ್ ಇನ್ನೂ ಪೂರ್ತಿ ವೇಗಕ್ಕೆ ಬಂದಿರಲ್ಲ, ಅವರಿಗೂ ಹೇಳಿಕೊಳ್ಳೋಕೆ ನೆಪ ಇರಲ್ಲ. ಎರಡನೇ ಶಿಫ್ಟ್ ಶುರುವೂ ಒಂದು ದಿನ ಸೇರಿಸಿ, ಸೆನ್ಸರ್ ಬೈಪಾಸ್ ಆಗ್ತಿದ್ರೆ ಹೆಚ್ಚಾಗಿ ಕಾಣೋದು ಅಲ್ಲೇ.

ವಿಜಯಪುರ ಟು ಪಿಂಪ್ರಿ

ಎರಡನೇ ಶಿಫ್ಟ್ ಅಂದ್ರ ಆ ಹುಡುಗಿ ಮನಿಗೆ ಹೋಗೂ ಬಸ್ ಯಾವುದು ಅಂತ ಮೊದಲ ಕೇಳ್ರಿ ಸರ್. ಜನರಲ್ ಶಿಫ್ಟಿನ ಬಸ್ ತಪ್ಪಿದ್ರ ಚಾಕಣದಿಂದ ರಾತ್ರಿ ಹೋಗೂದು ಸುಮ್ಮನ ಅಲ್ಲ.